ಪ್ರಸ್ತಾವನೆಯ ಎರಡು ಇಮೇಲ್‌ಗಳು: ನಾನು ಚಿಕ್ಕದನ್ನೇ ಕಳುಹಿಸುವುದೇಕೆ

ಜಾಲತಾಣಗಳಿಗೆ ಬರಹ ಸಿದ್ಧಪಡಿಸುವ ಸ್ವತಂತ್ರ ಕೆಲಸದಲ್ಲಿ ನಾನು ಎರಡು ಬಗೆಯ ಪ್ರಸ್ತಾವನೆಗಳನ್ನು ಕಳುಹಿಸಿ ನೋಡಿದ್ದೇನೆ. ಒಂದು, ಗಂಟೆಯ ದರ ಹಾಗೂ ಅಂದಾಜು ಹೇಳುವ, ವಿನಯ ತುಂಬಿದ ಉದ್ದನೆಯ ಇಮೇಲ್; ಇನ್ನೊಂದು, ಕೆಲಸದ ವ್ಯಾಪ್ತಿ, ಒಂದೇ ಮೊತ್ತ ಮತ್ತು ದಿನಗಳ ಲೆಕ್ಕವನ್ನಷ್ಟೇ ಹೇಳುವ ಚಿಕ್ಕ ಇಮೇಲ್. ಮೊದಲನೆಯದರಿಂದ ಪೆಟ್ಟು ತಿಂದ ಮೇಲೆ ಎರಡನೆಯದನ್ನೇ ನೆಚ್ಚಿಕೊಂಡಿದ್ದೇನೆ.

ಪೆಟ್ಟು ಬಿದ್ದದ್ದು ಎಂಟು ಪುಟಗಳ ಒಂದು ಜಾಲತಾಣದ ಕೆಲಸದಲ್ಲಿ. ನಾನು ಬರೆದಿದ್ದ ಸಾಲು ಹೀಗಿತ್ತು: “ಅಗತ್ಯ ತಿದ್ದುಪಡಿಗಳೂ ಸೇರಿದಂತೆ ಸುಮಾರು ಮೂರು ವಾರಗಳಲ್ಲಿ ಮುಗಿಸಿಕೊಡಲು ಪ್ರಯತ್ನಿಸುತ್ತೇನೆ.” ಮೂರು ವಾರ ಯಾವ ದಿನದಿಂದ ಎಂದು ನಾನು ಹೇಳಿರಲಿಲ್ಲ. ಗ್ರಾಹಕರು ಒಪ್ಪಿಗೆ ಕೊಟ್ಟ ದಿನದಿಂದ ಎಣಿಸಿದರು. ಬರೆಯಲು ಬೇಕಾದ ಮಾಹಿತಿ ನನ್ನ ಕೈಸೇರಿದ್ದು ಹನ್ನೆರಡನೆಯ ದಿನ. ತಿದ್ದುಪಡಿ ಎಷ್ಟು ಸುತ್ತು ಎಂಬುದನ್ನೂ ಹೇಳಿರಲಿಲ್ಲ. ಅವರ ಕಡೆ ಕರಡನ್ನು ಓದುವವರು ನಾಲ್ವರಿದ್ದು, ಒಬ್ಬೊಬ್ಬರು ಒಂದೊಂದು ದಿನ ಅಭಿಪ್ರಾಯ ಕಳುಹಿಸಿದರು; ಒಬ್ಬರು ಸೇರಿಸಲು ಹೇಳಿದ ಪರಿಚ್ಛೇದವನ್ನು ಮತ್ತೊಬ್ಬರು ತೆಗೆಯಲು ಹೇಳಿದರು. ಹೀಗೆ ಏಳು ಸುತ್ತುಗಳಾದವು. ಅವರು ಅನ್ಯಾಯ ಮಾಡಿದರೆಂದು ನಾನು ಹೇಳಲಾರೆ, ಏಕೆಂದರೆ “ಅಗತ್ಯ” ಎಂಬ ಪದ ಅಷ್ಟಕ್ಕೂ ಬಾಗಿಲು ತೆರೆದಿಟ್ಟಿತ್ತು.

ಅದೇ ಸಾಲನ್ನು ಈಗ ಹೀಗೆ ಬರೆಯುತ್ತೇನೆ: “ಎಂಟೂ ಪುಟಗಳ ಮಾಹಿತಿ ಕೈಸೇರಿದ ಮೇಲೆ 10 ಕೆಲಸದ ದಿನಗಳಲ್ಲಿ ಮೊದಲ ಕರಡು ಕೊಡುತ್ತೇನೆ. ಎಲ್ಲರ ಅಭಿಪ್ರಾಯಗಳನ್ನೂ ನಿಮ್ಮ ಕಡೆಯ ಒಬ್ಬರು ಒಟ್ಟುಗೂಡಿಸಿ ಕಳುಹಿಸಿದರೆ, 4 ಕೆಲಸದ ದಿನಗಳಲ್ಲಿ ತಿದ್ದಿದ ಪ್ರತಿ ಕೊಡುತ್ತೇನೆ. ಎರಡು ಸುತ್ತಿನ ತಿದ್ದುಪಡಿ ಈ ಮೊತ್ತದಲ್ಲಿ ಸೇರಿದೆ. ಚಿತ್ರಗಳು ಮತ್ತು ಅನುವಾದ ಸೇರಿಲ್ಲ.” ಇದರಲ್ಲಿ “ಸುಮಾರು” ಇಲ್ಲ, “ಪ್ರಯತ್ನ”ವೂ ಇಲ್ಲ. ದೃಢತೆ ಬಂದಿರುವುದು ಗಡಸು ಮಾತಿನಿಂದಲ್ಲ, ಯಾರು ಯಾವಾಗ ಏನು ಮಾಡಬೇಕೆಂಬುದು ತಿಳಿಯುವುದರಿಂದ.

ದರದ ವಿಷಯದಲ್ಲಿಯೂ ಅಂದಾಜು ನನ್ನ ಕೈಹಿಡಿಯಲಿಲ್ಲ. “30ರಿಂದ 40 ಗಂಟೆ” ಎಂದರೆ ಓದುವವರ ಮನಸ್ಸಿನಲ್ಲಿ ಉಳಿಯುವುದು 30 ಮಾತ್ರ. ಒಂದೇ ಮೊತ್ತವನ್ನು ವ್ಯಾಪ್ತಿಯ ಕೆಳಗೇ ಬರೆದು, ಅರ್ಧ ಮುಂಗಡ, ಉಳಿದದ್ದು ಅಂತಿಮ ಪ್ರತಿಯೊಂದಿಗೆ ಎಂದು ಸೇರಿಸುತ್ತೇನೆ. ಕಡಿಮೆ ಮಾಡಲು ಕೇಳಿದರೆ ಮೊತ್ತವನ್ನಷ್ಟೇ ಇಳಿಸದೆ, ಎಂಟರ ಬದಲು ಆರು ಪುಟಗಳ ಲೆಕ್ಕ ಕೊಡುತ್ತೇನೆ.

ಗಂಟೆಯ ಲೆಕ್ಕದ ಇಮೇಲನ್ನು ಪೂರ್ತಿ ಕೈಬಿಟ್ಟಿಲ್ಲ. ಎಷ್ಟು ಪುಟಗಳು ಬೇಕೆಂದು ಗ್ರಾಹಕರಿಗೇ ಗೊತ್ತಿಲ್ಲದಾಗ ಒಂದೇ ಮೊತ್ತ ಹೇಳುವುದು ಇಬ್ಬರಿಗೂ ಅಪಾಯ. ಆಗ ಪುಟಗಳ ಪಟ್ಟಿ ಸಿದ್ಧಪಡಿಸುವಷ್ಟು ಕೆಲಸವನ್ನು ಮಾತ್ರ, ಗಂಟೆಗಳ ಮಿತಿ ಹಾಕಿ, ಹಾಗೆ ಒಪ್ಪಿಕೊಳ್ಳುತ್ತೇನೆ. ಉಳಿದೆಲ್ಲ ಕಡೆ ನನ್ನ ಆಯ್ಕೆ ಚಿಕ್ಕ ಇಮೇಲ್, ಏಕೆಂದರೆ ಒಬ್ಬನೇ ದುಡಿಯುವ ನಾನು ಒಂದು ಕೆಲಸದ ಕೊನೆಯ ದಿನ ಗೊತ್ತಾಗದೆ ಮುಂದಿನದನ್ನು ಒಪ್ಪಿಕೊಳ್ಳಲಾರೆ.