ಬಸ್ ವೇಳಾಪಟ್ಟಿಯ ಫೋಟೊ, ಒಂದು ಸ್ಪ್ರೆಡ್‌ಶೀಟ್: ಎರಡು ವರ್ಷ ಬಳಸಿದ ಮೇಲೆ

ಬಸ್ ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಫೋನಿನಲ್ಲಿ ಫೋಟೊ ತೆಗೆದು, ಫೋಟೊದೊಳಗಿನ ಅಕ್ಷರಗಳನ್ನು ನಕಲು ಮಾಡುವ ಸೌಲಭ್ಯದಿಂದ ಅಂಕಿಗಳನ್ನು ಎತ್ತಿ, ಸ್ಪ್ರೆಡ್‌ಶೀಟ್‌ಗೆ ಹಾಕಿಕೊಂಡು ಪ್ರಯಾಣ ಲೆಕ್ಕ ಹಾಕುವುದು ನನಗೆ ಎರಡು ವರ್ಷದಿಂದ ರೂಢಿ. ನೇರ ಬಸ್ ಇದ್ದರೆ ಇದರ ಗೊಡವೆಯೇ ಬೇಡ. ಎರಡು ಕಡೆ ಬಸ್ ಬದಲಿಸಬೇಕಾದಾಗ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ.

ಮೊದಲು ದೂರುಗಳು. ಫೋಟೊ ಓರೆಯಾಗಿದ್ದರೆ, ಗಾಜಿನ ಮೇಲೆ ಬೆಳಕು ಬಿದ್ದಿದ್ದರೆ ಫೋನು 8ನ್ನು 3 ಎಂದು ಓದುತ್ತದೆ. ಒಮ್ಮೆ 18.10ರ ಕೊನೆಯ ಬಸ್ಸು 13.10 ಆಗಿ ಬಂತು. ಸಿಕ್ಕಿಬಿದ್ದದ್ದು ಹೇಗೆಂದರೆ, ಅದರ ಮೇಲಿನ ಸಾಲಿನಲ್ಲಿ 16.40 ಇತ್ತು. ಪಟ್ಟಿಯಲ್ಲಿ ಕೆಳಗಿಳಿದಂತೆ ಹೊತ್ತು ಏರಬೇಕು, ಇಳಿಯಬಾರದು. ಅಂದಿನಿಂದ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ. ಆಮೇಲೆ ಒಂದೇ ದಾರಿಯ ಬಸ್ಸುಗಳ ಓಟದ ಅವಧಿಯನ್ನು ಹೋಲಿಸುತ್ತೇನೆ. ಎಲ್ಲವೂ ಸುಮಾರು ಎರಡು ಗಂಟೆ ತೆಗೆದುಕೊಳ್ಳುವಾಗ ಒಂದೇ ಒಂದು ಬಸ್ಸು 50 ನಿಮಿಷದಲ್ಲಿ ತಲುಪುತ್ತದೆ ಎಂದರೆ ಓದಿದ್ದು ತಪ್ಪಾಗಿದೆ, ಇಲ್ಲವೇ ಖಾಲಿ ಮನೆಯೊಂದು ಮಾಯವಾಗಿ ಸಾಲೆಲ್ಲ ಪಕ್ಕಕ್ಕೆ ಸರಿದಿದೆ.

ಇನ್ನೊಂದು ಮೋಸ ಚುಕ್ಕಿಯದು. ಫಲಕದಲ್ಲಿ 8.25 ಎಂದಿದ್ದನ್ನು ಹಾಗೇ ಹಾಕಿದರೆ ಸ್ಪ್ರೆಡ್‌ಶೀಟ್ ಅದನ್ನು ದಶಮಾಂಶ ಎಂದುಕೊಳ್ಳುತ್ತದೆ. 9.40ರಿಂದ 8.25 ಕಳೆದರೆ 1.15 ಬಂದು, ಸರಿಯಾಗಿಯೇ ಇದೆ ಅನ್ನಿಸುತ್ತದೆ. 9.10ರಿಂದ 8.25 ಕಳೆದಾಗ 0.85 ಬಂದು ಬಣ್ಣ ಬಯಲಾಗುತ್ತದೆ, ಬರಬೇಕಾದ್ದು 45 ನಿಮಿಷ. ಚುಕ್ಕಿಗಳನ್ನೆಲ್ಲ `:` ಮಾಡಿಕೊಂಡು, B ಕಾಲಮಿನಲ್ಲಿ ಇಳಿಯುವ ಹೊತ್ತು, C ಕಾಲಮಿನಲ್ಲಿ ಮುಂದಿನ ಬಸ್ ಬಿಡುವ ಹೊತ್ತು ಇಟ್ಟು ಹೀಗೆ ಬರೆಯುತ್ತೇನೆ:

```
=MOD(C2-B2,1)*24*60
```

ಕಾಯುವ ನಿಮಿಷಗಳು ಸಿಗುತ್ತವೆ. `MOD` ಇರುವುದರಿಂದ ಇಳಿದದ್ದು 23:50, ಮುಂದಿನ ಬಸ್ 0:20 ಆದರೂ ಉತ್ತರ 30 ಎಂದೇ ಬರುತ್ತದೆ.

ಇನ್ನು ನಿಜವಾದ ಲಾಭ. ಒಂದು ಉದಾಹರಣೆ ನೋಡಿ. ಅ ಊರಿನಿಂದ ಬ, ಬ ಊರಿನಿಂದ ಕ, ಅಲ್ಲಿಂದ ಕೊನೆಯ ಊರು. ಅ ಬಿಡುವ ಬಸ್ಸುಗಳು 6:10ಕ್ಕೆ ಮತ್ತು 7:15ಕ್ಕೆ, ಬ ತಲುಪಲು 2 ಗಂಟೆ 15 ನಿಮಿಷ. ಬ ಬಿಡುವುದು 8:35 ಮತ್ತು 9:40ಕ್ಕೆ, ಓಟ 1 ಗಂಟೆ 50 ನಿಮಿಷ. ಕ ಬಿಡುವುದು 10:20, 11:35, 14:10ಕ್ಕೆ, ಓಟ 1 ಗಂಟೆ 20 ನಿಮಿಷ.

7:15ಕ್ಕೆ ಹೊರಟರೆ ಬ ಊರಿನಲ್ಲಿ 9:30ಕ್ಕೆ ಇಳಿದು, 10 ನಿಮಿಷ ಕಾದು, 11:30ಕ್ಕೆ ಕ ತಲುಪುತ್ತೇವೆ. ಅಲ್ಲಿ ಐದೇ ನಿಮಿಷ. 12:55ಕ್ಕೆ ಊರು. ಒಟ್ಟು 5 ಗಂಟೆ 40 ನಿಮಿಷ.

6:10ಕ್ಕೆ ಹೊರಟರೆ ಬ ಊರಿನಲ್ಲಿ 10 ನಿಮಿಷ ಕಾದು 10:25ಕ್ಕೆ ಕ ಮುಟ್ಟುತ್ತೇವೆ. ಐದು ನಿಮಿಷದ ಹಿಂದೆ ಬಸ್ಸು ಹೋಗಿರುತ್ತದೆ, ಹೊಟ್ಟೆ ಉರಿಯುತ್ತದೆ. ಅಲ್ಲಿ 70 ನಿಮಿಷ ಕೂತು ಅದೇ 11:35 ಹಿಡಿದು ಅದೇ 12:55ಕ್ಕೆ ತಲುಪುತ್ತೇವೆ. ಒಟ್ಟು 6 ಗಂಟೆ 45 ನಿಮಿಷ.

ಮೊದಮೊದಲು ನಾನು ಒಟ್ಟು ಅವಧಿ ಕಡಿಮೆ ಇದ್ದದ್ದನ್ನೇ ಆರಿಸುತ್ತಿದ್ದೆ. ಈಗ ಆ ಕಾಲಮಿನ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿದ್ದೇನೆ: ಒಂದು ಬಸ್ ತಪ್ಪಿದರೆ ಎಷ್ಟಕ್ಕೆ ತಲುಪುತ್ತೇನೆ? 7:15ರ ದಾರಿಯಲ್ಲಿ ಕ ಊರಿನ ಆ ಐದು ನಿಮಿಷ ಕೈಕೊಟ್ಟರೆ 14:10ರ ಬಸ್ಸು, ತಲುಪುವುದು 15:30ಕ್ಕೆ. 6:10ರ ದಾರಿಯಲ್ಲಿ ಬ ಊರಿನ 8:35 ತಪ್ಪಿದರೂ 9:40ರ ಬಸ್ಸಿದೆ, ಆಗಲೂ 11:35 ಸಿಗುವ ಅವಕಾಶ ಉಳಿದಿರುತ್ತದೆ. ಒಂದು ಗಂಟೆ ಐದು ನಿಮಿಷದ ನಿದ್ದೆ ಕೊಟ್ಟು ಕೊಂಡ ಭದ್ರತೆ ಅದು. ಹೊತ್ತಿಗೆ ಸರಿಯಾಗಿ ತಲುಪಲೇಬೇಕಾದ ಕೆಲಸವಿದ್ದರೆ ಕೊಡುತ್ತೇನೆ, ಸುಮ್ಮನೆ ನೆಂಟರ ಮನೆಗಾದರೆ ಮಲಗುತ್ತೇನೆ.

ಈ ಲೆಕ್ಕಕ್ಕೂ ಎಟುಕದ ಸಂಗತಿಗಳಿವೆ. ನಿಲ್ದಾಣದ ಫಲಕದಲ್ಲಿ ಹೆಚ್ಚಾಗಿ ಅಲ್ಲಿಂದ ಬಿಡುವ ಹೊತ್ತು ಮಾತ್ರ ಇರುತ್ತದೆ, ಮುಂದಿನ ಊರು ತಲುಪುವ ಹೊತ್ತಿಗೆ ಬೇರೆ ಪಟ್ಟಿ ಬೇಕು. ಹಾಗಾಗಿ ನಾನು ಇಳಿದ ಊರಿನಲ್ಲೆಲ್ಲ ಫೋಟೊ ತೆಗೆಯುತ್ತೇನೆ, ತಲುಪಿದ ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತೇನೆ. ಫೋಟೊದಲ್ಲಿ ಪಟ್ಟಿಯ ಬುಡ ಬಿಟ್ಟುಹೋಗದಂತೆ ನೋಡಿಕೊಳ್ಳಿ. ನಕ್ಷತ್ರ ಚಿಹ್ನೆ ಹಾಕಿದ ಬಸ್ಸು ಭಾನುವಾರ ಇಲ್ಲ ಎಂಬುದನ್ನು ಸಣ್ಣಕ್ಷರದಲ್ಲಿ ಬರೆಯುವುದು ಅಲ್ಲೇ. ಒಂದು ಭಾನುವಾರ ಖಾಲಿ ನಿಲ್ದಾಣದಲ್ಲಿ ನಿಂತು ಆ ಸಾಲನ್ನು ಪೂರ್ತಿ ಓದಿದ್ದೇನೆ.

ಐದಕ್ಕೆ ನಾಲ್ಕು ನಕ್ಷತ್ರ. ಹಿಡಿದುಕೊಂಡ ಒಂದು ಆ 18.10ಕ್ಕೆ.