ಡಿವಿಡೆಂಡ್ ಬರುತ್ತೆ ಅಂತ ಫಂಡ್ ಕೊಳ್ಳುವ ಮೊದಲು ಈ ಲೆಕ್ಕ ನೋಡಿ

ಜೆ.ಪಿ. ನಗರದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು 2025-26ರ ಹಣಕಾಸು ವರ್ಷದಲ್ಲಿ ಬಂದ ಒಂದೇ ಡಿವಿಡೆಂಡ್‌ನಿಂದ 34 ಸಾವಿರ ರೂಪಾಯಿ ಕಳೆದುಕೊಂಡರು. ಮಾರುಕಟ್ಟೆ ಬಿದ್ದಿರಲಿಲ್ಲ, ಫಂಡೂ ಕೆಟ್ಟದ್ದಲ್ಲ. ತಪ್ಪಿದ್ದು ಆಯ್ಕೆ ಮಾತ್ರ. ಲೆಕ್ಕ ಸುಲಭವಾಗಲೆಂದು ಇಲ್ಲಿ ಅಂಕಿಗಳನ್ನು ದುಂಡಗೆ ಮಾಡಿದ್ದೇವೆ.

ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್ ಫೋನ್ ಮಾಡಿ, "ಸರ್, ಇನ್ನು ಇಪ್ಪತ್ತು ದಿನಕ್ಕೆ ಯೂನಿಟ್‌ಗೆ 2 ರೂಪಾಯಿ ಡಿವಿಡೆಂಡ್ ಇದೆ, ಈಗ್ಲೇ ಹಾಕ್ಬಿಡಿ" ಅಂದರು. ಇವರು ಈಕ್ವಿಟಿ ಫಂಡೊಂದಕ್ಕೆ 10 ಲಕ್ಷ ಹಾಕಿದರು. ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ 25 ರೂಪಾಯಿ, ಸಿಕ್ಕಿದ್ದು 40,000 ಯೂನಿಟ್. ಫಾರ್ಮ್‌ನಲ್ಲಿ ಟಿಕ್ ಆಗಿದ್ದು `IDCW Reinvestment`, ಅಂದರೆ ಡಿವಿಡೆಂಡ್ ಹಣಕ್ಕೆ ಮತ್ತೆ ಯೂನಿಟ್ ಕೊಳ್ಳುವ ಆಯ್ಕೆ.

ಹೇಳಿದ ದಿನ 80,000 ರೂಪಾಯಿ ಡಿವಿಡೆಂಡ್ ಘೋಷಣೆಯಾಯಿತು. ಅದೇ ದಿನ ಎನ್‌ಎವಿ 25ರಿಂದ 23ಕ್ಕೆ ಇಳಿಯಿತು. ಇದು ನಷ್ಟವಲ್ಲ, ಹಾಗೆ ಆಗಲೇಬೇಕು. ಡಿವಿಡೆಂಡ್ ಕೊಡುವುದು ಫಂಡಿನೊಳಗಿನ ಹಣದಿಂದಲೇ, ಅಂದರೆ ಇಪ್ಪತ್ತು ದಿನದ ಹಿಂದೆ ಇವರೇ ಹಾಕಿದ ದುಡ್ಡಿನಿಂದ. ಹಿಂತಿರುಗುವ ಹಣದಲ್ಲಿ ನಮ್ಮ ಬಂಡವಾಳವೂ ಸೇರಿರಬಹುದು ಎಂಬುದು ಹೆಸರಲ್ಲೇ ತಿಳಿಯಲಿ ಎಂದು ಸೆಬಿ 2021ರ ಏಪ್ರಿಲ್‌ನಿಂದ ಡಿವಿಡೆಂಡ್ ಆಯ್ಕೆಯ ಹೆಸರನ್ನು `IDCW` ಎಂದು ಬದಲಿಸಿತು: ಆದಾಯ ಹಂಚಿಕೆ ಮತ್ತು ಬಂಡವಾಳ ವಾಪಸಾತಿ. ದುರದೃಷ್ಟವೆಂದರೆ, ಫೋನಿನಲ್ಲಿ ಮಾರುವವರು ಇನ್ನೂ ಡಿವಿಡೆಂಡ್ ಎಂದೇ ಹೇಳುತ್ತಾರೆ.

ಆದರೆ ತೆರಿಗೆ ಇಲಾಖೆಗೆ ಈ 80,000 ಪೂರ್ತಿ ಆದಾಯ. 2020ರ ಏಪ್ರಿಲ್‌ಗೆ ಮುಂಚೆ ಫಂಡ್ ಕಂಪನಿಯೇ ಡಿವಿಡೆಂಡ್ ವಿತರಣಾ ತೆರಿಗೆ ಕಟ್ಟುತ್ತಿತ್ತು. ಅದು ರದ್ದಾದ ಮೇಲೆ ಡಿವಿಡೆಂಡ್ ನಮ್ಮ ಸಂಬಳದ ಜೊತೆ ಸೇರಿ ಸ್ಲ್ಯಾಬ್ ದರಕ್ಕೆ ಬರುತ್ತದೆ. ವರ್ಷಕ್ಕೆ 10,000 ರೂಪಾಯಿ ಮೀರಿದರೆ ಫಂಡ್ ಕಂಪನಿ 10% ಟಿಡಿಎಸ್ ಹಿಡಿಯುತ್ತದೆ. ಹೀಗೆ 8,000 ಹೋಗಿ ಉಳಿದ 72,000ಕ್ಕೆ ಹೊಸ ಯೂನಿಟ್ ಬಂತು. ಖಾತೆಗೆ ಒಂದು ರೂಪಾಯಿಯೂ ಬರಲಿಲ್ಲ, ಹಾಗಾಗಿ ತೆರಿಗೆಯ ಯೋಚನೆಯೂ ಬರಲಿಲ್ಲ. ಜನ ಎಡವುವುದು ಇಲ್ಲೇ. ಮರುಹೂಡಿಕೆಯಾದರೂ ಅದು ನಿಮಗೆ ಬಂದ ಆದಾಯವೇ.

ಇವರದು 30% ಸ್ಲ್ಯಾಬ್. ಸೆಸ್ ಸೇರಿ 31.2%, ಅಂದರೆ ತೆರಿಗೆ 24,960. ಟಿಡಿಎಸ್ ಕಳೆದು ಇನ್ನೂ 16,960 ಬಾಕಿ. ರಿಟರ್ನ್ ತುಂಬುವಾಗ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಡಿವಿಡೆಂಡ್ ಸಾಲು ಕಂಡಾಗಲೇ ಇದು ಗೊತ್ತಾದದ್ದು. ಬಾಕಿ 10,000 ದಾಟಿದ್ದರಿಂದ ಮುಂಗಡ ತೆರಿಗೆ ಕಟ್ಟಬೇಕಿತ್ತು, ಕಟ್ಟದ್ದಕ್ಕೆ ತಿಂಗಳಿಗೆ 1% ಬಡ್ಡಿಯೂ ಬಿತ್ತು. ಡಿವಿಡೆಂಡ್ ಬಂದ ತಕ್ಷಣ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ ತಿಳಿಸಿದ್ದರೆ ಸಂಬಳದಲ್ಲೇ ಹಿಡಿದು ಬಡ್ಡಿ ತಪ್ಪುತ್ತಿತ್ತು.

ಗಾಬರಿಯಾಗಿ, ಡಿವಿಡೆಂಡ್ ಕೊಡದೆ ಲಾಭವನ್ನು ಫಂಡಿನಲ್ಲೇ ಬೆಳೆಯಲು ಬಿಡುವ ಗ್ರೋಥ್ ಆಯ್ಕೆಗೆ ಬದಲಿಸಿದರು. ಒಂದೇ ಸ್ಕೀಮ್ ಆದರೂ `IDCW`ನಿಂದ `Growth`ಗೆ ಹೋಗುವುದು ಮಾರಿ ಮತ್ತೆ ಕೊಂಡಂತೆ. ಒಂದು ವರ್ಷ ಆಗಿರದ ಕಾರಣ ಮೂಲ ಯೂನಿಟ್‌ಗಳ 9.2 ಲಕ್ಷದ ಮೇಲೆ 1% ಎಕ್ಸಿಟ್ ಲೋಡ್, ಅಂದರೆ ಬೇಗ ಹೊರಬಂದದ್ದಕ್ಕೆ ಫಂಡ್ ಹಿಡಿಯುವ ಶುಲ್ಕ, 9,200. ತೆರಿಗೆಯೂ ಇದೂ ಸೇರಿ 34,160. ಲಾಭ ದೀರ್ಘಾವಧಿ ಎನಿಸಿಕೊಳ್ಳಲು ಬೇಕಾದ 12 ತಿಂಗಳ ಲೆಕ್ಕವೂ ಮೊದಲಿನಿಂದ ಶುರು.

ಹಾಗೆಂದು ಬದಲಿಸಿದ್ದು ತಪ್ಪಲ್ಲ. ಇಂಥದೇ ಇನ್ನೊಂದು ಡಿವಿಡೆಂಡ್ ಬಂದಿದ್ದರೆ ಮತ್ತೆ 24,960 ಹೋಗುತ್ತಿತ್ತು; ಅದರ ಮುಂದೆ 9,200 ಕಡಿಮೆಯೇ. 25ಕ್ಕೆ ಕೊಂಡು 23ಕ್ಕೆ ಮಾರಿದ್ದರಿಂದ 80,000 ಅಲ್ಪಾವಧಿ ಬಂಡವಾಳ ನಷ್ಟವೂ ದಾಖಲಾಗುತ್ತದೆ. ಆದರೆ ಅದನ್ನು ಬೇರೆ ಬಂಡವಾಳ ಲಾಭದ ಎದುರು ಮಾತ್ರ ವಜಾ ಮಾಡಬಹುದು, ಡಿವಿಡೆಂಡ್ ಅಥವಾ ಸಂಬಳದ ಎದುರು ಅಲ್ಲ. ಗಡುವಿನೊಳಗೆ ರಿಟರ್ನ್ ಹಾಕಿದರೆ 8 ವರ್ಷ ಮುಂದಕ್ಕೆ ಒಯ್ಯಬಹುದು.

ಮೊದಲೇ ಗ್ರೋಥ್ ತೆಗೆದುಕೊಂಡಿದ್ದರೆ? ವರ್ಷ ಕಳೆದ ಮೇಲೆ ಎನ್‌ಎವಿ 28 ಆಗಿದೆ, 80,000 ಬೇಕು ಎಂದುಕೊಳ್ಳಿ. ಸುಮಾರು 2,857 ಯೂನಿಟ್ ಮಾರಬೇಕು. ಯೂನಿಟ್‌ಗೆ 3 ರೂಪಾಯಿಯಂತೆ ಲಾಭ ಬರೀ 8,571. ಈಕ್ವಿಟಿ ಫಂಡಿನಲ್ಲಿ ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯಿಲ್ಲ, ಅದರಾಚೆಗೆ 12.5%. ಬೇರೆ ಲಾಭ ಇಲ್ಲದಿದ್ದರೆ ಇವರ ತೆರಿಗೆ ಸೊನ್ನೆ. ವರ್ಷದೊಳಗೇ ಮಾರಿದರೂ 20% ಬೀಳುವುದು ಆ ಲಾಭದ ಮೇಲೆ ಮಾತ್ರ, 80,000ದ ಮೇಲಲ್ಲ. ತಿಂಗಳು ತಿಂಗಳು ಹಣ ಬೇಕಾದವರೂ ಗ್ರೋಥ್‌ನಲ್ಲಿ ಎಸ್‌ಡಬ್ಲ್ಯುಪಿ, ಅಂದರೆ ನಿಗದಿತ ಮೊತ್ತಕ್ಕೆ ತಾನಾಗಿ ಯೂನಿಟ್ ಮಾರುವ ವ್ಯವಸ್ಥೆ ಹಾಕಿಕೊಂಡು ಹೀಗೇ ಪಡೆಯಬಹುದು.

ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗಿರುವವರಿಗೆ ರಿಬೇಟ್‌ನಿಂದ ಡಿವಿಡೆಂಡ್ ತೆರಿಗೆ ಉಳಿಯುತ್ತದೆ. ಹಿಡಿದ ಟಿಡಿಎಸ್ ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ. 2023ರ ಏಪ್ರಿಲ್ 1ರಿಂದ ಕೊಂಡ ಡೆಟ್ ಫಂಡ್‌ಗಳಲ್ಲಿ ಗ್ರೋಥ್ ಲಾಭಕ್ಕೂ ಸ್ಲ್ಯಾಬ್ ದರವೇ, ಆದರೆ ಮಾರುವವರೆಗೆ ತೆರಿಗೆ ಇಲ್ಲ.

ನಿಮ್ಮ ಎಲ್ಲ ಫಂಡ್‌ಗಳ ವಿವರವಿರುವ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟ್ ತೆಗೆದು ಸ್ಕೀಮಿನ ಹೆಸರಿನ ಕೊನೆ ಓದಿ. `IDCW` ಎಂದಿದ್ದರೆ ಕೊಂಡ ದಿನಾಂಕ, ಎಕ್ಸಿಟ್ ಲೋಡ್ ಅವಧಿ, ಹಿಂದಿನ ಡಿವಿಡೆಂಡ್‌ಗಳ ಮೊತ್ತ ಈ ಮೂರನ್ನೂ ಬರೆದುಕೊಳ್ಳಿ. ಲೋಡ್ ಮುಗಿಯುವ ಮುಂಚೆ ಬರಬಹುದಾದ ಡಿವಿಡೆಂಡ್‌ನ ತೆರಿಗೆ ಲೋಡ್‌ಗಿಂತ ಹೆಚ್ಚಿದ್ದರೆ ಡಿವಿಡೆಂಡ್ ಯಾರಿಗೆ ಎಂದು ನಿರ್ಧಾರವಾಗುವ ರೆಕಾರ್ಡ್ ದಿನಕ್ಕೆ ಮೊದಲೇ ಬದಲಿಸಿ, ಇಲ್ಲವಾದರೆ ಲೋಡ್ ಮುಗಿದ ಮರುದಿನ ಬದಲಿಸಿ. `Reinvestment` ಬಿಟ್ಟು `Payout` ಮಾಡಿಕೊಂಡರೆ ತೆರಿಗೆಯಲ್ಲಿ ಏನೂ ಉಳಿಯುವುದಿಲ್ಲ.