ಬಿಲ್ಲಿಂಗ್ ಸಾಫ್ಟ್‌ವೇರ್‌ನ ರೀಆರ್ಡರ್ ಸೌಲಭ್ಯ: ದಿನಸಿ ಅಂಗಡಿಯಲ್ಲಿ ಎರಡು ವರ್ಷಕ್ಕೂ ಮೀರಿದ ಬಳಕೆಯ ನಂತರ

ತ್ಯಾಗರಾಜನಗರದಲ್ಲಿರುವ ನಮ್ಮ ದಿನಸಿ ಅಂಗಡಿಯಲ್ಲಿ ಒಂದು ಬಿಲ್ಲಿಂಗ್ ಸಾಫ್ಟ್‌ವೇರನ್ನು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದೇನೆ. ಅದರ ಬಿಲ್ಲಿಂಗ್, ಜಿಎಸ್‌ಟಿ ವರದಿ, ಬಾರ್‌ಕೋಡ್ ಭಾಗಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಅವು ಹೇಳಿದ ಕೆಲಸವನ್ನು ಮಾಡುತ್ತವೆ. ಈ ವಿಮರ್ಶೆ ಇರುವುದು ಅದರ ಹೆಚ್ಚುವರಿ ಶುಲ್ಕದ ರೀಆರ್ಡರ್ ಸೌಲಭ್ಯದ ಬಗ್ಗೆ, ಅಂದರೆ ಹಳೆಯ ಮಾರಾಟವನ್ನು ನೋಡಿ ಯಾವ ಸರಕನ್ನು ಯಾವಾಗ ಎಷ್ಟು ತರಿಸಬೇಕೆಂದು ಸೂಚಿಸುವ ಭಾಗದ ಬಗ್ಗೆ. ಇಂಥದೇ ಸೌಲಭ್ಯ ಹಲವು ಸಾಫ್ಟ್‌ವೇರ್‌ಗಳಲ್ಲಿ ಬಹುತೇಕ ಇದೇ ರೂಪದಲ್ಲಿರುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ.

ಸೌಲಭ್ಯದ ಲೆಕ್ಕ ಸರಳವಾಗಿದೆ. ದಿನದ ಸರಾಸರಿ ಮಾರಾಟವನ್ನು ಲೀಡ್ ಟೈಮ್‌ನಿಂದ, ಅಂದರೆ ಆರ್ಡರ್ ಕೊಟ್ಟ ಮೇಲೆ ಸರಕು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಅದಕ್ಕೆ ಸೇಫ್ಟಿ ಸ್ಟಾಕ್, ಅಂದರೆ ಏರಿಳಿತಕ್ಕೆಂದು ಇಟ್ಟುಕೊಳ್ಳುವ ಹೆಚ್ಚುವರಿ ದಾಸ್ತಾನು, ಸೇರಿಸಿದರೆ ರೀಆರ್ಡರ್ ಲೆವೆಲ್ ಬರುತ್ತದೆ. ದಾಸ್ತಾನು ಆ ಮಟ್ಟಕ್ಕೆ ಇಳಿದೊಡನೆ ಪರದೆಯ ಮೇಲೆ ಕೆಂಪು ಸೂಚನೆ ಕಾಣಿಸುತ್ತದೆ. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಕೆಂಪು ಸೂಚನೆ ಬಂದ ಕ್ಷಣದಲ್ಲೇ ಆರ್ಡರ್ ಕೊಡಲು ಸಾಧ್ಯ ಎಂಬ ನಂಬಿಕೆಯ ಮೇಲೆ ಆ ಸೂತ್ರ ನಿಂತಿದೆ, ಮತ್ತು ನಮ್ಮಂಥ ಅಂಗಡಿಗಳಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮನ್ ವಾರಕ್ಕೊಮ್ಮೆ, ತನ್ನ ಬೀಟ್‌ನ ದಿನ ಮಾತ್ರ ಬರುತ್ತಾನೆ. ನಡುವೆ ಫೋನ್ ಮಾಡಿದರೆ, "ಒಂದೆರಡು ಬಾಕ್ಸ್‌ಗೆ ಗಾಡಿ ಕಳಿಸೋಕಾಗಲ್ಲ ಸಾರ್, ಮಂಗಳವಾರ ಬಂದಾಗ ಬರ್ಕೊಂಡು ಹೋಗ್ತೀನಿ" ಎನ್ನುವುದೇ ಸಾಮಾನ್ಯ ಉತ್ತರ.

ಇದರ ಪರಿಣಾಮವನ್ನು ಒಂದೇ ಸರಕಿನಲ್ಲಿ ನೋಡಬಹುದು. ಒಂದು ಲೀಟರಿನ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ನಮ್ಮಲ್ಲಿ ದಿನಕ್ಕೆ ಸರಾಸರಿ 12 ಹೋಗುತ್ತದೆ. ದಿನದಿಂದ ದಿನಕ್ಕೆ ಆಗುವ ಏರಿಳಿತದ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 4 ಪ್ಯಾಕೆಟ್. ಮಂಗಳವಾರ ಆರ್ಡರ್ ಕೊಟ್ಟರೆ ಸರಕು ಬಹುಮಟ್ಟಿಗೆ ಗುರುವಾರ ಬರುತ್ತದೆ. ಬುಧವಾರವೇ ಬಂದದ್ದೂ ಉಂಟು, ಶನಿವಾರಕ್ಕೆ ಜಾರಿದ್ದೂ ಉಂಟು. ಆದ್ದರಿಂದ ಲೀಡ್ ಟೈಮ್ ಸರಾಸರಿ 2 ದಿನ, ಅದರ ಏರಿಳಿತ ಸುಮಾರು 1 ದಿನ. ಇಷ್ಟನ್ನು ಕೊಟ್ಟರೆ ಸಾಫ್ಟ್‌ವೇರ್ ಎರಡು ದಿನದ ಮಾರಾಟಕ್ಕೆ 24, ಸೇಫ್ಟಿ ಸ್ಟಾಕ್ ಎಂದು 22, ಒಟ್ಟು 46 ಪ್ಯಾಕೆಟ್ಟಿನ ರೀಆರ್ಡರ್ ಲೆವೆಲ್ ತೋರಿಸುತ್ತದೆ.

ಈಗ ಮಂಗಳವಾರ ಬೆಳಿಗ್ಗೆ ಕಪಾಟು ಮತ್ತು ಗೋಡೌನ್ ಸೇರಿ 60 ಪ್ಯಾಕೆಟ್ ಇವೆ ಎಂದುಕೊಳ್ಳಿ. 60 ಎಂಬುದು 46ಕ್ಕಿಂತ ಹೆಚ್ಚು, ಹಾಗಾಗಿ ಸೂಚನೆ ಬರುವುದಿಲ್ಲ. ಸೇಲ್ಸ್‌ಮನ್ ಬಂದು ಬೇರೆ ಸರಕುಗಳ ಆರ್ಡರ್ ಬರೆದುಕೊಂಡು ಹೋಗುತ್ತಾನೆ. ಬುಧವಾರ ಪರದೆ ಕೆಂಪಾಗುತ್ತದೆ. ದಿನಕ್ಕೆ 12ರಂತೆ ಶನಿವಾರ ರಾತ್ರಿಗೆ ಎಣ್ಣೆ ಮುಗಿಯುತ್ತದೆ. ಮುಂದಿನ ಮಂಗಳವಾರ ಆರ್ಡರ್ ಕೊಟ್ಟು ಗುರುವಾರ ಸರಕು ಬರುವವರೆಗೆ ನಾಲ್ಕು ದಿನ ಆ ಕಪಾಟು ಖಾಲಿ. ಅದರಲ್ಲಿ ಭಾನುವಾರವೂ ಸೇರಿದೆ.

ಇಂಥ ಅಂಗಡಿಗೆ ಬೇಕಾದ ಲೆಕ್ಕ ಬೇರೆ. ಇಂದು ಕೊಡುವ ಆರ್ಡರ್, ಮುಂದಿನ ಅವಕಾಶದಲ್ಲಿ ಕೊಡುವ ಆರ್ಡರಿನ ಸರಕು ಬರುವವರೆಗೂ ಸಾಲಬೇಕು. ಅಂದರೆ ಎರಡು ಭೇಟಿಗಳ ನಡುವಿನ 7 ದಿನ, ಜೊತೆಗೆ ಲೀಡ್ ಟೈಮಿನ 2 ದಿನ, ಒಟ್ಟು 9 ದಿನಗಳಿಗೆ ಅದು ಸಾಲಬೇಕು. ದಿನದ ಸರಾಸರಿಯನ್ನು 9ರಿಂದ ಗುಣಿಸಿದರೆ 108. ಸೇಫ್ಟಿ ಸ್ಟಾಕನ್ನೂ ಆ 9 ದಿನಗಳಿಗೇ ಲೆಕ್ಕ ಹಾಕಬೇಕು: ಮಾರಾಟದ ಏರಿಳಿತದಿಂದ 9 × 4² = 144, ಸರಕು ಬರುವ ದಿನದ ಏರಿಳಿತದಿಂದ 12² × 1² = 144, ಎರಡೂ ಸೇರಿ 288, ಅದರ ವರ್ಗಮೂಲ ಸುಮಾರು 17, ಅದನ್ನು ಸಾಫ್ಟ್‌ವೇರ್ ಬಳಸುವ 1.65ರಿಂದಲೇ ಗುಣಿಸಿದರೆ 28. ಹೀಗೆ ಗುರಿ ದಾಸ್ತಾನು 136 ಆಗುತ್ತದೆ. ಮಂಗಳವಾರ ಕೈಯಲ್ಲಿರುವ 60ನ್ನು ಕಳೆದರೆ 76 ಬೇಕು. ಬಾಕ್ಸಿಗೆ ಹತ್ತು ಪ್ಯಾಕೆಟ್ ಇರುವುದರಿಂದ 8 ಬಾಕ್ಸ್ ಬರೆಸಬೇಕು. ಸಾಫ್ಟ್‌ವೇರ್ ಏನೂ ಬೇಡ ಎಂದ ದಿನವೇ ಇದು ಎಂಟು ಬಾಕ್ಸ್ ಕೇಳುತ್ತದೆ.

ನಾನು ಇದನ್ನು ಗೂಗಲ್ ಶೀಟ್ಸ್‌ನಲ್ಲಿ ಹಾಕಿಕೊಂಡಿದ್ದೇನೆ. B1ರಲ್ಲಿ ದಿನದ ಸರಾಸರಿ, B2ರಲ್ಲಿ ಅದರ ಏರಿಳಿತ, B3ರಲ್ಲಿ ಲೀಡ್ ಟೈಮ್, B4ರಲ್ಲಿ ಲೀಡ್ ಟೈಮಿನ ಏರಿಳಿತ ಇದ್ದರೆ, ಗುರಿ ದಾಸ್ತಾನಿಗೆ ಈ ಒಂದು ಸಾಲು ಸಾಕು:

```
=B1*(7+B3)+1.65*SQRT((7+B3)*B2^2+B1^2*B4^2)
```

1.65 ಎಂಬ ಸಂಖ್ಯೆಗೆ ಸಾಫ್ಟ್‌ವೇರಿನಲ್ಲಿ "95% ಸರ್ವಿಸ್ ಲೆವೆಲ್" ಎಂದು ಬರೆದಿರುತ್ತದೆ. ನೂರು ಗಿರಾಕಿಗಳಲ್ಲಿ 95 ಮಂದಿಗೆ ಸರಕು ಸಿಗುತ್ತದೆ ಎಂಬುದು ಅದರ ಅರ್ಥವಲ್ಲ. ನೂರು ಆರ್ಡರ್ ಸುತ್ತುಗಳಲ್ಲಿ ಸುಮಾರು 95 ಸುತ್ತು ಕೊರತೆಯಿಲ್ಲದೆ ಮುಗಿಯುತ್ತವೆ ಎಂದಷ್ಟೆ. ವಾರದ ಲೆಕ್ಕದಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ಎಣ್ಣೆ ತೀರಿಹೋಗುವುದನ್ನು ಇದು ಒಪ್ಪಿಕೊಂಡಿರುತ್ತದೆ. ಎಣ್ಣೆ, ಬೇಳೆಗಳಿಗೆ ಅಷ್ಟು ಇರಲಿ. ಬಟ್ಟೆ ಸೋಪಿನಂಥ, ಒಂದಿಲ್ಲದಿದ್ದರೆ ಇನ್ನೊಂದು ಬ್ರ್ಯಾಂಡ್ ಕೊಡಬಹುದಾದ ಸರಕಿಗೆ ನಾನು 90% ಮಟ್ಟದ 1.28ನ್ನೇ ಹಾಕುತ್ತೇನೆ, ಏಕೆಂದರೆ ಗೋಡೌನ್ ಎನ್ನುವುದು ನಮ್ಮಲ್ಲಿ ಮೆಟ್ಟಿಲ ಕೆಳಗಿನ ಜಾಗ.

ಸೌಲಭ್ಯದ ಎರಡನೆಯ ದೊಡ್ಡ ದೋಷ ಸರಾಸರಿಯಲ್ಲೇ ಇದೆ. ಅದು ಕಳೆದ 56 ದಿನಗಳ ಒಟ್ಟು ಮಾರಾಟವನ್ನು 56ರಿಂದಲೇ ಭಾಗಿಸುತ್ತದೆ. ಆ ಅವಧಿಯಲ್ಲಿ 600 ಪ್ಯಾಕೆಟ್ ಮಾರಾಟವಾಗಿ, 6 ದಿನ ಸರಕೇ ಇರಲಿಲ್ಲವಾದರೆ, ಪರದೆಯ ಮೇಲೆ ದಿನಕ್ಕೆ 10.7 ಎಂದು ಕಾಣುತ್ತದೆ. ಸರಕಿದ್ದ 50 ದಿನಗಳಿಂದ ಭಾಗಿಸಿದರೆ ಅದು 12. ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ 9 ದಿನಕ್ಕೆ ಅದು ಸುಮಾರು 12 ಪ್ಯಾಕೆಟ್, ಅಂದರೆ ಒಂದು ಬಾಕ್ಸಿಗಿಂತ ಹೆಚ್ಚು. ಕಡಿಮೆ ತರಿಸಿದ್ದರಿಂದ ಮತ್ತೆ ಬೇಗ ಮುಗಿಯುತ್ತದೆ, ಬೇಗ ಮುಗಿದದ್ದರಿಂದ ಸರಾಸರಿ ಇನ್ನೂ ಇಳಿಯುತ್ತದೆ, ಹೀಗೆ ಚೆನ್ನಾಗಿ ಹೋಗುವ ಸರಕೇ ವರದಿಯಲ್ಲಿ ನಿಧಾನದ ಸರಕಿನಂತೆ ಕಾಣತೊಡಗುತ್ತದೆ. ಇದನ್ನು ಗುರುತಿಸುವ ಬಗೆ ಸುಲಭ: ಯಾವ ಸರಕಿನ ಸರಾಸರಿ ತಿಂಗಳಿಂದ ತಿಂಗಳಿಗೆ ಮೆಲ್ಲನೆ ಇಳಿಯುತ್ತಿದೆಯೋ, ಅದರ ದಿನದ ಕೊನೆಯ ದಾಸ್ತಾನಿನ ಕಾಲಮ್ಮಿನಲ್ಲಿ ಸೊನ್ನೆಗಳು ಎಷ್ಟಿವೆ ನೋಡಿ.

ಅದೃಷ್ಟಕ್ಕೆ ಸಾಫ್ಟ್‌ವೇರ್ ದಿನವಹಿ ಮಾರಾಟವನ್ನೂ ದಿನದ ಕೊನೆಯ ದಾಸ್ತಾನನ್ನೂ ಫೈಲಾಗಿ ಇಳಿಸಿಕೊಳ್ಳಲು ಬಿಡುತ್ತದೆ. ಈ ಅನುಕೂಲಕ್ಕೆ ಪೂರ್ಣ ಅಂಕ ಕೊಡುತ್ತೇನೆ. C ಕಾಲಮ್ಮಿನಲ್ಲಿ ಮಾರಾಟ, Dಯಲ್ಲಿ ದಿನದ ಕೊನೆಯ ದಾಸ್ತಾನು ಇದ್ದರೆ ಸರಾಸರಿ ಮತ್ತು ಏರಿಳಿತ ಹೀಗೆ ಸಿಗುತ್ತವೆ:

```
=AVERAGEIFS(C2:C57,D2:D57,">0")
=STDEV.S(FILTER(C2:C57,D2:D57>0))
```

ಇದಕ್ಕೂ ಒಂದು ಮಿತಿಯಿದೆ. ಸಂಜೆಗೆ ಸೊನ್ನೆಯಾದ ದಿನಗಳಲ್ಲಿ ಕೆಲವು, ಜನ ಹೆಚ್ಚು ಬಂದದ್ದರಿಂದಲೇ ಸೊನ್ನೆಯಾದ ದಿನಗಳು. ಅವನ್ನೂ ಬಿಟ್ಟುಬಿಡುವುದರಿಂದ ಸರಾಸರಿ ನಿಜಕ್ಕಿಂತ ತುಸು ಕೆಳಗೇ ನಿಲ್ಲುತ್ತದೆ. ಸರಕು ತೀರುವುದು ಕಡಿಮೆಯಾದಂತೆ ಈ ವ್ಯತ್ಯಾಸವೂ ತಾನಾಗಿ ಕಡಿಮೆಯಾಗುತ್ತದೆ.

ಲೀಡ್ ಟೈಮನ್ನು ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕುತ್ತೇನೆಂದು ಹೇಳಿಕೊಳ್ಳುತ್ತದೆ. ಆದರೆ ಅದು ಎಣಿಸುವುದು ಆರ್ಡರಿನ ದಿನದಿಂದ ಡಿಸ್ಟ್ರಿಬ್ಯೂಟರ್ ಬಿಲ್ಲಿನ ದಿನಾಂಕದವರೆಗೆ. ಬಿಲ್ ಬುಧವಾರವೇ ಆಗಿರುತ್ತದೆ, ಗೂಡ್ಸ್ ಆಟೊ ಬಾಗಿಲಿಗೆ ಬರುವುದು ಗುರುವಾರವೋ ಶುಕ್ರವಾರವೋ. ಬಿಲ್ ದಿನಾಂಕವನ್ನು ನಂಬಿದರೆ ಲೀಡ್ ಟೈಮ್ ಸದಾ 1 ದಿನ, ಏರಿಳಿತ ಸೊನ್ನೆ ಎಂದು ಬರುತ್ತದೆ. ಮೇಲಿನ ಉದಾಹರಣೆಯಲ್ಲಿ 288ರ ಅರ್ಧ ಭಾಗ ಬಂದದ್ದೇ ಆ ಏರಿಳಿತದಿಂದ ಎಂಬುದನ್ನು ಗಮನಿಸಿ. ಸರಕು ಇಳಿಸಿಕೊಂಡ ದಿನವನ್ನು ಬಿಲ್ಲಿನ ಮೂಲೆಯಲ್ಲಿ ಪೆನ್ನಿನಿಂದ ಬರೆದು, ಖರೀದಿ ಎಂಟ್ರಿ ಮಾಡುವಾಗ ಷರಾ ಕಾಲಮ್ಮಿನಲ್ಲಿ ಹಾಕುವುದು ನನ್ನ ಹೆಂಡತಿ ರೂಢಿಸಿದ ಕ್ರಮ. ಶೀಟಿಗೆ ಬೇಕಾದ ಎರಡು ಸಂಖ್ಯೆಗಳು ಅಲ್ಲಿಂದಲೇ ಬರುತ್ತವೆ. ಇದರ ಜೊತೆಗೆ, ಸೇಲ್ಸ್‌ಮನ್‌ಗೆ ಬಾಯಲ್ಲಿ ಹೇಳಿದ ಆರ್ಡರ್ ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲವಾದ್ದರಿಂದ, ಬರಬೇಕಾಗಿರುವ ಸರಕನ್ನು ಕಳೆಯದೆ ಅದು ಎರಡನೇ ಬಾರಿ ಅದನ್ನೇ ಕೇಳುತ್ತದೆ. ಪರ್ಚೇಸ್ ಆರ್ಡರ್ ಎಂಟ್ರಿ ಮಾಡಿದರೆ ಮಾತ್ರ ಇದು ಸರಿಹೋಗುತ್ತದೆ.

ಹಬ್ಬಗಳ ವಿಷಯದಲ್ಲಿ ಸೌಲಭ್ಯ ಪೂರಾ ಕುರುಡು. "ಕಳೆದ ವರ್ಷದ ಇದೇ ತಿಂಗಳು" ಎಂಬ ಹೋಲಿಕೆಯನ್ನು ಅದು ಹೆಮ್ಮೆಯಿಂದ ತೋರಿಸುತ್ತದೆ. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7ರಂದು ಬಂತು, 2025ರಲ್ಲಿ ಆಗಸ್ಟ್ 27ರಂದು. ಕಡುಬು, ಚಕ್ಕುಲಿ ಕರಿಯುವ ವಾರದ ಎಣ್ಣೆಯನ್ನು ಸಾಫ್ಟ್‌ವೇರ್ ಹಬ್ಬ ಮುಗಿದ ಮೇಲೆ ತರಿಸಲು ಹೇಳಿತು. ಸಾಲದ್ದಕ್ಕೆ 2024ರ ಸೆಪ್ಟೆಂಬರ್ ಮಧ್ಯದಲ್ಲಿ ಕೇಂದ್ರ ಸರ್ಕಾರ ಕಚ್ಚಾ ಸೂರ್ಯಕಾಂತಿ, ಸೋಯಾ, ತಾಳೆ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ 20%ಗೆ ಏರಿಸಿತ್ತು. ಬೆಲೆ ಏರುವ ಸುದ್ದಿ ಕೇಳಿದವರು ಎರಡು ಪ್ಯಾಕೆಟ್ ಕೊಳ್ಳುವಲ್ಲಿ ಐದು ಕೊಂಡು ಇಟ್ಟುಕೊಂಡರು. ಆ ತಿಂಗಳ ಅಂಕಿಯಲ್ಲಿ ಹಬ್ಬವೆಷ್ಟು, ಹೆದರಿಕೆಯೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲದ್ದರಿಂದ ನಾನು ಅದನ್ನು ಪೂರ್ತಿ ಹೊರಗಿಟ್ಟಿದ್ದೇನೆ. ಹಬ್ಬಕ್ಕೆ ಪಂಚಾಂಗ ನೋಡಿ, ಹಬ್ಬದ ಹಿಂದಿನ ಹತ್ತು ದಿನಗಳ ಮಾರಾಟವನ್ನು ಅದರ ಹಿಂದಿನ ಮಾಮೂಲಿ ಹತ್ತು ದಿನಗಳೊಂದಿಗೆ ಹೋಲಿಸಿ, ಆ ಅನುಪಾತವನ್ನು ಈ ವರ್ಷದ ಸರಾಸರಿಗೆ ಹಚ್ಚುತ್ತೇನೆ. ಅಡುಗೆ ಕಂಟ್ರಾಕ್ಟರೊಬ್ಬರು ಮದುವೆಗೆಂದು ಒಮ್ಮೆಲೇ ಒಯ್ದ ನಲವತ್ತು ಪ್ಯಾಕೆಟ್‌ನಂಥ ಬಿಲ್ಲುಗಳನ್ನೂ ಹೀಗೆಯೇ ತೆಗೆದಿಡಬೇಕು, ಇಲ್ಲದಿದ್ದರೆ ಆ ಒಂದು ದಿನ ಎರಡು ತಿಂಗಳ ಸೇಫ್ಟಿ ಸ್ಟಾಕನ್ನು ಉಬ್ಬಿಸುತ್ತದೆ.

ವಾರಕ್ಕೆ ಒಂದೆರಡು ಮಾತ್ರ ಹೋಗುವ ಸರಕುಗಳಿಗೆ, ಉದಾಹರಣೆಗೆ ಕೇಸರಿ ಡಬ್ಬಿಗೆ, ಈ ಸೂತ್ರಗಳಾವುವೂ ಹೊಂದುವುದಿಲ್ಲ. ಅಲ್ಲಿ ಯಾವುದೇ ಒಂಬತ್ತು ದಿನಗಳಲ್ಲಿ ಹೋದ ಅತಿ ಹೆಚ್ಚಿನ ಸಂಖ್ಯೆಯನ್ನೇ ಗುರಿಯಾಗಿಟ್ಟುಕೊಳ್ಳುವುದು ವಾಸಿ. ಬ್ರೆಡ್, ಮೊಸರಿನ ಲೆಕ್ಕ ಕೆಡುವ ದಿನಾಂಕದ ಲೆಕ್ಕ, ಅದು ಇಲ್ಲಿ ಬರುವುದಿಲ್ಲ.

ಈ ವರ್ಷ ನಾನು ಬಿಲ್ಲಿಂಗ್ ಯೋಜನೆಯನ್ನು ಮಾತ್ರ ನವೀಕರಿಸಿ, ರೀಆರ್ಡರ್ ಸೌಲಭ್ಯದ ಹೆಚ್ಚುವರಿ ಶುಲ್ಕ ಕಟ್ಟುವುದನ್ನು ನಿಲ್ಲಿಸಿದ್ದೇನೆ. ಐದರಲ್ಲಿ ಬಿಲ್ಲಿಂಗ್‌ಗೆ ನಾಲ್ಕು, ರೀಆರ್ಡರ್‌ಗೆ ಎರಡು ಅಂಕ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಯಾವ ದಿನ ಆರ್ಡರ್ ಹಾಕಿದರೂ ಮರುದಿನ ಸರಕು ಇಳಿಸುವ ಹೋಲ್‌ಸೇಲ್ ಅಂಗಡಿ ಹತ್ತಿರವಿರುವವರಿಗೆ, ಸರಕು ಬಂದ ದಿನವನ್ನು ಸರಿಯಾಗಿ ನಮೂದಿಸುತ್ತಿದ್ದರೆ, ಪರದೆಯ ಆ ಕೆಂಪು ಸೂಚನೆ ಇದ್ದ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಅವರ ಮಟ್ಟಿಗೆ ಆ 7 ದಿನಗಳ ಅಂತರವೇ ಇಲ್ಲ.